ದಾಳಿಂಬೆಗೆ ಮೊದಲು ಮೈ, ಸಂತ್ರಾಕ್ಕೆ ಮೊದಲು ತೂಕ

ಚಳಿಗಾಲದಲ್ಲಿ ವಿಜಯಪುರದ ಗಾಂಧಿಚೌಕದ ಕಡೆ ಹೋದರೆ ನಮ್ಮ ಭಾಗದ ದಾಳಿಂಬೆ, ನಾಗಪುರದ ಸಂತ್ರಾ ಎರಡೂ ಕೈಗಾಡಿಗಳಲ್ಲಿ ಸಿಗುತ್ತವೆ. ಎರಡನ್ನೂ ಬಣ್ಣ ನೋಡಿಯೇ ಆರಿಸುವವರು ಹೆಚ್ಚು. ಜೋಡಿ ಜೋಡಿಯಾಗಿ ಮನೆಗೆ ತಂದು ಕೊಯ್ದು ನೋಡಿದ ಮೇಲೆ ನಾನು ಬಣ್ಣವನ್ನು ಕೊನೆಗೆ ತಳ್ಳಿದ್ದೇನೆ.

"ಅಕ್ಕಾರ, ಈ ಕೆಂಪಂದು ತೊಗೋರಿ, ಭಾಳ ಚಲೋ ಅದ" ಎಂದು ವ್ಯಾಪಾರಿ ಕೊಟ್ಟದ್ದು ನುಣುಪಾದ, ಗುಂಡನೆಯ, ಹೊಳೆಯುವ ದಾಳಿಂಬೆ. ಅದರ ಜೊತೆಗೆ ನಾನು ಎತ್ತಿಕೊಂಡದ್ದು ಅಷ್ಟೇ ಗಾತ್ರದ, ಮಂಕು ಬಣ್ಣದ, ಪಕ್ಕೆಗಳು ಚಪ್ಪಟೆಯಾಗಿ ಏಣು ಎದ್ದ ಹಣ್ಣು. ತಕ್ಕಡಿಯಲ್ಲಿ ಮೊದಲನೆಯದು 255 ಗ್ರಾಂ, ಎರಡನೆಯದು 300. ಬಿಡಿಸಿದಾಗ ಗುಂಡನೆಯದರಲ್ಲಿ ಕಾಳು ಸಣ್ಣವು, ನಡುವೆ ಬಿಳಿ ತಿರುಳೇ ಹೆಚ್ಚು. ಏಣಿನ ಹಣ್ಣಿನಲ್ಲಿ ಕಾಳು ಒತ್ತೊತ್ತಾಗಿ ತುಂಬಿದ್ದವು. ಕಾರಣ ಸರಳ: ಕಾಳು ರಸ ತುಂಬಿ ಉಬ್ಬಿದಂತೆ ಒಳಗಿನಿಂದ ಸಿಪ್ಪೆಯನ್ನು ದೂಡುತ್ತದೆ, ಮೈ ಮೂಲೆಮೂಲೆಯಾಗುತ್ತದೆ. ದಾಳಿಂಬೆ ಗಿಡದಿಂದ ಕಿತ್ತ ಮೇಲೆ ಮಾಗುವುದಿಲ್ಲ. ಎಳೆಯದನ್ನು ತಂದು ಅಕ್ಕಿ ಡಬ್ಬಿಯಲ್ಲಿ ಇಟ್ಟರೂ ಎಳೆಯದೇ.

ಸಿಪ್ಪೆಯ ಮೇಲೆ ಕಂದು ಗೀರು ಇದ್ದರೆ ನಾನು ಬಿಡುವುದಿಲ್ಲ, ಅದು ಹೆಚ್ಚಾಗಿ ಮೇಲಿನದೇ. ಒತ್ತಿದರೆ ಮೆತ್ತಗೆ ಒಳಗೆ ಹೋಗುವ ಜಾಗವಿದ್ದರೆ ಮಾತ್ರ ವಾಪಸ್ ಇಡುತ್ತೇನೆ. ತೊಟ್ಟು ಒಣಗಿದ್ದರೂ ಚಿಂತೆಯಿಲ್ಲ. ಸಿಪ್ಪೆ ಒಣಗಿ ಬಿಗಿದರೂ ಒಳಗಿನ ಕಾಳು ಎಷ್ಟೋ ದಿನ ರಸವಾಗಿಯೇ ಇರುತ್ತದೆ.

ಸಂತ್ರಾದಲ್ಲಿ ಇದು ತಿರುವುಮುರುವು. ಅದರ ಸಿಪ್ಪೆ ಮೊದಲೇ ಸಡಿಲ, ಹಾಗಾಗಿ ಗಾತ್ರ ಸುಳ್ಳು ಹೇಳುತ್ತದೆ. ದೊಡ್ಡದೊಂದು, ಚಿಕ್ಕದೊಂದು ತೂಗಿಸಿದೆ: 160 ಗ್ರಾಂ ಮತ್ತು 150. ಅಷ್ಟು ದೊಡ್ಡ ಹಣ್ಣಿಗೆ ಹತ್ತೇ ಗ್ರಾಂ ಹೆಚ್ಚು! ಹಿಂಡಿದಾಗ ಚಿಕ್ಕದೇ ಹೆಚ್ಚು ರಸ ಕೊಟ್ಟಿತು. ದೊಡ್ಡದರಲ್ಲಿ ಸಿಪ್ಪೆಗೂ ತೊಳೆಗೂ ನಡುವೆ ಗಾಳಿ, ತೊಟ್ಟಿನ ಕಡೆಯ ತೊಳೆಗಳು ಒಣಗಿ ಬೆಳ್ಳಗಾಗಿದ್ದವು. ಈಗ ತೊಟ್ಟಿನ ಸುತ್ತ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತೇನೆ. ಟೊಳ್ಳು ಸಿಕ್ಕರೆ ಬಿಡುತ್ತೇನೆ. ಅಲ್ಲಲ್ಲಿ ಹಸಿರು ಉಳಿದಿದ್ದರೆ ಹುಳಿ ಎಂದು ಹೆದರಬೇಕಿಲ್ಲ; ಸಿಪ್ಪೆ ಕೇಸರಿ ಬಣ್ಣಕ್ಕೆ ತಿರುಗಲು ರಾತ್ರಿಯ ಚಳಿ ಬೇಕು, ಚಳಿ ಸಾಲದಿದ್ದರೆ ಒಳಗೆ ಮಾಗಿದರೂ ಹೊರಗೆ ಹಸಿರು ಉಳಿಯುತ್ತದೆ.

ತೊಟ್ಟಿನ ಮಾತು ಸಂತ್ರಾದಲ್ಲಿ ಮಾತ್ರ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಹಸಿರು ತೊಟ್ಟು ಗಟ್ಟಿಯಾಗಿ ಅಂಟಿದ್ದರೆ ಈಚೆಗೆ ಕಿತ್ತದ್ದು. ಅದು ಕಪ್ಪಾಗಿ, ಸುತ್ತಲ ಸಿಪ್ಪೆ ಕಂದಾಗಿ ಮೆತ್ತಗಾಗಿದ್ದರೆ ಕೊಳೆ ಅಲ್ಲಿಂದಲೇ ಒಳಗಿಳಿಯುತ್ತಿದೆ ಎಂದರ್ಥ.

ಒಂದು ಮಿತಿಯಿದೆ. ಕೆಲವು ದಾಳಿಂಬೆಗಳ ನಡುವೆ ಕಾಳು ಕಪ್ಪಾಗಿ ಕೊಳೆತಿದ್ದರೂ ಹೊರಮೈ ಚೆನ್ನಾಗಿಯೇ ಕಾಣುತ್ತದೆ. ಅಂಥ ಹಣ್ಣು ಕೆಲವೊಮ್ಮೆ ತುಸು ಹಗುರ, ಆದರೆ ಕೈಗೆ ಪ್ರತಿಸಲ ತಿಳಿಯುವುದಿಲ್ಲ. ಅದಕ್ಕೇ ಒಂದೊಂದು ಹಣ್ಣನ್ನೂ ಎರಡು ಹೋಳು ಮಾಡಿ ನೋಡಿದ ಮೇಲೆಯೇ ಕಾಳನ್ನು ಉಳಿದವುಗಳ ಜೊತೆ ಬಟ್ಟಲಿಗೆ ಬಿಡಿಸುತ್ತೇನೆ.