ಅಡುಗೆಮನೆಯ ಪ್ಲ್ಯಾನ್: ಮೂರು ಟೂಲ್‌ಗಳಲ್ಲಿ ಒಂದೇ ಮೂಲೆ

ಮೈಸೂರಿನ ಅಕ್ಕನ ಫ್ಲ್ಯಾಟಿಗೆ ಎಲ್ ಆಕಾರದ ಮಾಡ್ಯುಲರ್ ಕಿಚನ್ ಮಾಡಿಸಬೇಕಿತ್ತು. ಕಾರ್ಪೆಂಟರ್‌ಗೆ ಕೊಡುವ ಮುಂಚೆ ಅದೇ ಅಡುಗೆಮನೆಯನ್ನು ಮೂರು ಕಡೆ ಬಿಡಿಸಿ ನೋಡಿದೆ. ಒಂದು, ಕಿಚನ್ ಮಾರುವ ಕಂಪನಿಯೊಂದರ ಆನ್‌ಲೈನ್ ಪ್ಲ್ಯಾನರ್. ಎರಡು, ಸ್ವೀಟ್ ಹೋಮ್ 3ಡಿ. ಮೂರು, ಬ್ರೌಸರ್‌ನಲ್ಲೇ ನಡೆಯುವ ಸ್ಕೆಚ್‌ಅಪ್‌ನ ಉಚಿತ ಆವೃತ್ತಿ. ಮೂರರಲ್ಲೂ ಕ್ಯಾಬಿನೆಟ್ ಸಾಲು ಚೆನ್ನಾಗಿಯೇ ಕಾಣುತ್ತದೆ. ವ್ಯತ್ಯಾಸ ಗೊತ್ತಾಗುವುದು ಡ್ರಾಯರ್ ಎಳೆದಾಗ.

ಮೊದಲು ಅಳತೆ. ಸಿಂಕ್ ಇರುವ ಗೋಡೆಯನ್ನು ಮೂರು ಎತ್ತರದಲ್ಲಿ ಅಳೆದೆ. ನೆಲದ ಹತ್ತಿರ 3040 ಮಿ.ಮೀ., ಮಧ್ಯದಲ್ಲಿ 3030, ಕಟ್ಟೆಯ ಎತ್ತರದಲ್ಲಿ 3022. ಅಂದರೆ ಪಕ್ಕದ ಗೋಡೆ ಮೇಲಕ್ಕೆ ಹೋಗ್ತಾ 18 ಮಿ.ಮೀ. ಒಳಗೆ ವಾಲಿದೆ. ನಮ್ಮ ಮನೆಗಳಲ್ಲಿ ಇದು ಮಾಮೂಲಿ. ಕ್ಯಾಬಿನೆಟ್ ಲೆಕ್ಕಕ್ಕೆ ಯಾವಾಗಲೂ ಚಿಕ್ಕ ಅಳತೆಯನ್ನೇ ಹಿಡಿಯಬೇಕು, ಇಲ್ಲದಿದ್ದರೆ ಕೊನೆಯ ಡಬ್ಬ ಒಳಗೆ ಕೂರುವುದಿಲ್ಲ. ಹಾಗಾಗಿ 3022.

ಮೂಲೆಯಿಂದ ಶುರು ಮಾಡಿದರೆ 1000ದ ಕಾರ್ನರ್ ಕ್ಯಾಬಿನೆಟ್, 900ರ ಸಿಂಕ್ ಯೂನಿಟ್, 600ರ ಡಿಶ್‌ವಾಶರ್, 450ರ ಡ್ರಾಯರ್. ಒಟ್ಟು 2950. ಉಳಿದದ್ದು 72 ಮಿ.ಮೀ. ಈ 72 ಎಲ್ಲಿಗೆ ಹೋಗಬೇಕು ಅನ್ನುವುದೇ ಇಡೀ ಪ್ಲ್ಯಾನಿನ ಪ್ರಶ್ನೆ.

ಕಂಪನಿಯ ಪ್ಲ್ಯಾನರ್ ತುಂಬಾ ವೇಗ. ಹತ್ತು ನಿಮಿಷದಲ್ಲಿ ಬಣ್ಣ, ಹ್ಯಾಂಡಲ್ ಸಮೇತ ಅಡುಗೆಮನೆ ಕಣ್ಣೆದುರು ಬಂತು. ಅಕ್ಕನಿಗಂತೂ ಇದೇ ಇಷ್ಟವಾಯಿತು. ಆದರೆ ಗೋಡೆಗೆ ಒಂದೇ ಅಳತೆ ಹಾಕಲು ಬಿಡುತ್ತದೆ, ವಾಲಿದ ಗೋಡೆ ಅದಕ್ಕೆ ಅರ್ಥವಾಗುವುದಿಲ್ಲ. ಮೂಲೆಯಲ್ಲಿ, ಒಲೆಯ ಸಾಲಿನ ಕಡೆ, ತಾನೇ 30 ಮಿ.ಮೀ. ಫಿಲ್ಲರ್, ಅಂದರೆ ಸಂದು ಮುಚ್ಚುವ ಪಟ್ಟಿ, ಹಾಕಿತು. ಸಿಂಕ್ ಸಾಲಿನಲ್ಲಿ ಉಳಿದ 72ನ್ನು ಹೇಳದೆ ಕೇಳದೆ ಡಿಶ್‌ವಾಶರ್ ಪಕ್ಕ ಬಿಟ್ಟು, ಡ್ರಾಯರ್ ಯೂನಿಟ್ಟನ್ನು ಗೋಡೆಗೆ ಅಂಟಿಸಿತು. ನೋಡಲು ಸರಿಯಾಗಿಯೇ ಇತ್ತು.

ಸ್ವೀಟ್ ಹೋಮ್ 3ಡಿ ಉಚಿತ, ಓಪನ್ ಸೋರ್ಸ್. ಕೋಣೆ ಬಿಡಿಸಲು ಇದರಷ್ಟು ಸುಲಭದ್ದು ನನಗೆ ಸಿಕ್ಕಿಲ್ಲ. ಯಾವ ವಸ್ತುವಿನ ಮೇಲೆ ಡಬಲ್ ಕ್ಲಿಕ್ ಮಾಡಿದರೂ ಅಗಲ, ಆಳ, ಎತ್ತರ, ನೆಲದಿಂದ ಎಷ್ಟು ಮೇಲೆ ಎಂಬುದನ್ನೆಲ್ಲ ಟೈಪ್ ಮಾಡಬಹುದು. ಎಲ್ಲ ವಸ್ತುಗಳ ಅಳತೆ ಪಟ್ಟಿಯಾಗಿ ಪಕ್ಕದಲ್ಲೇ ಕಾಣುತ್ತದೆ, ಕೂಡಿಸಿ ನೋಡಲು ಅನುಕೂಲ. ಒಂದು ಎಚ್ಚರಿಕೆ ಬೇಕು. ಇದರಲ್ಲಿ ಮ್ಯಾಗ್ನೆಟಿಸಂ ಅಂತ ಇದೆ, ವಸ್ತುವನ್ನು ಗೋಡೆಯ ಹತ್ತಿರ ತಂದರೆ ಅದು ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ. ಸೋಫಾಗೆ ಒಳ್ಳೆಯದು, ಫಿಲ್ಲರ್ ಬೇಕಾದ ಕಡೆ ಅಲ್ಲ. ಅದನ್ನು ಆಫ್ ಮಾಡಿ, ಫಿಲ್ಲರ್‌ಗೆ ಅಂತಲೇ ಒಂದೊಂದು ಸಣ್ಣ ಬಾಕ್ಸ್ ಇಟ್ಟು ಹೆಸರು ಕೊಟ್ಟೆ. ಹಾಗೆ ಮಾಡಿದ ಮೇಲೆ 72ರ ಲೆಕ್ಕ ಕಣ್ಣಿಗೆ ಕಂಡಿತು.

ಅದನ್ನು ಹೀಗೆ ಹಂಚಿದೆ. ಡಿಶ್‌ವಾಶರ್ 600 ಅಗಲದ್ದು, ಅದಕ್ಕೆ 600ರದ್ದೇ ಗೂಡು ಕೊಟ್ಟರೆ ಒಳಗೆ ತಳ್ಳಲು ಆಗುವುದಿಲ್ಲ, ಸರ್ವೀಸ್‌ಗೆ ಹೊರಗೆ ಎಳೆಯಲೂ ಆಗುವುದಿಲ್ಲ. 610 ಕೊಟ್ಟೆ. ಉಳಿದ 62 ಗೋಡೆ ಮತ್ತು ಡ್ರಾಯರ್ ನಡುವಿನ ಫಿಲ್ಲರ್. ಯಾಕೆ ಅಲ್ಲಿ? ಆ ಪಕ್ಕದ ಗೋಡೆಯಲ್ಲಿ ಯುಟಿಲಿಟಿ ಬಾಗಿಲಿದೆ. ಅದರ ಚೌಕಟ್ಟು ಗಾರೆಯಿಂದ 25 ಮಿ.ಮೀ. ಹೊರಗೆ ಚಾಚಿದೆ. ಡ್ರಾಯರ್ ಗೋಡೆಗೆ ಅಂಟಿಕೊಂಡಿದ್ದರೆ ಎಳೆದ ಕೂಡಲೇ ಚೌಕಟ್ಟಿಗೆ ತಾಗಿ ನಿಲ್ಲುತ್ತಿತ್ತು. ಕಂಪನಿಯ ಪ್ಲ್ಯಾನರ್‌ನ ಚಿತ್ರದಲ್ಲಿ ಚೌಕಟ್ಟೇ ಇರಲಿಲ್ಲ.

ಸ್ಕೆಚ್‌ಅಪ್ ಕಲಿಯಲು ಜಾಸ್ತಿ ಸಮಯ ಬೇಕು. ನನಗೆ ಎರಡು ಸಂಜೆ ಹೋಯಿತು. ಇಲ್ಲಿ ಕ್ಯಾಬಿನೆಟ್ ಅನ್ನೋದು ಇಲ್ಲ, ಇರುವುದು ಡಬ್ಬ ಮಾತ್ರ. ಕ್ಯಾಬಿನೆಟ್‌ನ ಗೂಡನ್ನು ಒಂದು ಕಾಂಪೊನೆಂಟ್, ಅಂದರೆ ಒಟ್ಟಿಗೇ ಸರಿಯುವ ಒಂದು ವಸ್ತು, ಡ್ರಾಯರನ್ನು ಅದರ ಹ್ಯಾಂಡಲ್ ಸಮೇತ ಇನ್ನೊಂದು ಕಾಂಪೊನೆಂಟ್ ಮಾಡಿಕೊಂಡೆ. ಇಷ್ಟು ಮಾಡಿಕೊಂಡರೆ ಪರೀಕ್ಷೆ ಸುಲಭ. ಡ್ರಾಯರನ್ನು ಆರಿಸಿ `M` ಒತ್ತಿ, ಹೊರಗಿನ ದಿಕ್ಕಿಗೆ ಎಳೆದು `500` ಅಂತ ಟೈಪ್ ಮಾಡಿ ಎಂಟರ್ ಕೊಟ್ಟರೆ ಡ್ರಾಯರ್ ನಿಜವಾಗಿ ತೆರೆದಷ್ಟೇ ಹೊರಗೆ ಬರುತ್ತದೆ.

ಮೂಲೆಯ ತಪ್ಪು ಸಿಕ್ಕಿದ್ದು ಹೀಗೆ. ಸಿಂಕ್ ಸಾಲಿನ ಆಳ ಬಾಗಿಲು ಸೇರಿ 580. ಹ್ಯಾಂಡಲ್ 35 ಹೊರಗೆ ಚಾಚುತ್ತದೆ, ಅಂದರೆ ಹ್ಯಾಂಡಲ್‌ನ ತುದಿ ಗೋಡೆಯಿಂದ 615ರಲ್ಲಿದೆ. ಎಲ್‌ನ ಇನ್ನೊಂದು ಬದಿ ಒಲೆಯ ಸಾಲು, ಅದರಲ್ಲಿ ಮೂಲೆಯಿಂದ ಮೊದಲನೆಯದು ಎಣ್ಣೆ ಬಾಟಲಿಗಳ 300ರ ಪುಲ್‌ಔಟ್. ಪ್ಲ್ಯಾನರ್ ಹಾಕಿದ್ದ 30ರ ಫಿಲ್ಲರ್ ಪ್ರಕಾರ ಅದು 610ರಿಂದ ಶುರು. ಎಳೆದರೆ ಕಾರ್ನರ್ ಕ್ಯಾಬಿನೆಟ್‌ನ ಹ್ಯಾಂಡಲ್ ಒಳಗೇ ನುಗ್ಗಿತು. ಬರೀ 5 ಮಿ.ಮೀ., ಆದರೆ ಪುಲ್‌ಔಟ್ ತೆರೆಯದೇ ಇರಲು ಅಷ್ಟು ಸಾಕು. ಫಿಲ್ಲರನ್ನು 60 ಮಾಡಿದೆ, ಪುಲ್‌ಔಟ್ 640ರಿಂದ ಶುರುವಾಯಿತು, 25 ಮಿ.ಮೀ. ಬಿಡುವು ಸಿಕ್ಕಿತು. ಇದೇ ಕಾರಣಕ್ಕೆ ಮೂಲೆಯ ಇನ್ನೊಂದು ಬದಿಗೂ 60 ಬೇಕು. 1000ದ ಕಾರ್ನರ್ ಕ್ಯಾಬಿನೆಟ್‌ನಲ್ಲಿ 580 ಮತ್ತು 60 ಕಳೆದರೆ ಬಾಗಿಲಿಗೆ ಉಳಿಯುವುದು 360.

"ಮೂಲೇಲಿ ಇಷ್ಟಗಲ ಪಟ್ಟಿ ಯಾಕೋ, ಸುಮ್ನೆ ಜಾಗ ವೇಸ್ಟ್ ಅಲ್ವಾ?" ಅಂದಳು ಅಕ್ಕ. ಪುಲ್‌ಔಟ್ ಎಳೆದ ಚಿತ್ರ ತೋರಿಸಿದೆ. ಆಮೇಲೆ ಕೇಳಲಿಲ್ಲ.

ಆದರೆ ಸ್ಕೆಚ್‌ಅಪ್ ಆಗಲಿ, ಸ್ವೀಟ್ ಹೋಮ್ ಆಗಲಿ, ಒಂದು ವಸ್ತು ಇನ್ನೊಂದರೊಳಗೆ ನುಗ್ಗಿದರೆ ತಾನಾಗಿ ಎಚ್ಚರಿಸುವುದಿಲ್ಲ. ಪ್ರತಿಯೊಂದು ಡ್ರಾಯರ್, ಬಾಗಿಲನ್ನು ನಾವೇ ತೆರೆದು ಮೇಲಿನಿಂದ ನೋಡಬೇಕು. ಬಾಗಿಲಿಗೆ `Q` ಒತ್ತಿ, ಕೀಲಿನ ಜಾಗದಲ್ಲಿ ಹಿಡಿದು ತಿರುಗಿಸಬೇಕು.

ಎತ್ತರದ ವಿಷಯಕ್ಕೆ ಯಾವ ಟೂಲ್ ಆದರೂ ಸಾಕು, ಕೂಡಿಸುವ ಮನಸ್ಸಿರಬೇಕು ಅಷ್ಟೆ. ಕಾಲು 100, ಗೂಡು 720, ಗ್ರಾನೈಟ್ 20 ಅಂದರೆ ಕಟ್ಟೆ 840, ಕಲ್ಲಿನ ಕೆಳಗೆ ಸಿಗುವುದು 820. ಅಕ್ಕ ಆರಿಸಿದ ಡಿಶ್‌ವಾಶರ್ 845 ಎತ್ತರ. ಮೇಲಿನ ಮುಚ್ಚಳ ತೆಗೆದರೆ 815, ಹಾಗೆ ತೆಗೆಯಬಹುದು ಅಂತ ಅದರ ಮ್ಯಾನುಯಲ್‌ನಲ್ಲೇ ಇತ್ತು. 5 ಮಿ.ಮೀ. ಬಿಡುವು ನಂಬುವಂಥದ್ದಲ್ಲ. ಕಾಲುಗಳನ್ನು 110ಕ್ಕೆ ಏರಿಸಿ 15 ಮಾಡಿಕೊಂಡೆ. ಕಟ್ಟೆ 850 ಆಯಿತು, ಅಕ್ಕನ ಎತ್ತರಕ್ಕೂ ಹಿತವಾಯಿತು.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಕೋಣೆ ಮತ್ತು ಸಾಲಿನ ಲೆಕ್ಕಕ್ಕೆ ಸ್ವೀಟ್ ಹೋಮ್ 3ಡಿ. ಮೂಲೆ, ಹ್ಯಾಂಡಲ್, ಡಿಶ್‌ವಾಶರ್ ಬಾಗಿಲು ಇವುಗಳಿಗೆ ಸ್ಕೆಚ್‌ಅಪ್ ಬಿಟ್ಟರೆ ಬೇರೆ ದಾರಿಯಿಲ್ಲ, ಎರಡು ಸಂಜೆ ಕೊಡಲೇಬೇಕು. ಕಂಪನಿಯ ಪ್ಲ್ಯಾನರನ್ನು ಬಣ್ಣ ನೋಡಲು, ಅವರ ಹತ್ತಿರ ಯಾವ ಅಗಲ ಸಿಗುತ್ತದೆ ಅಂತ ತಿಳಿಯಲು ಮಾತ್ರ ಬಳಸುತ್ತೇನೆ.

ಗೋಡೆಯ ಫಿಲ್ಲರನ್ನು 62ಕ್ಕೆ ಆರ್ಡರ್ ಮಾಡಲಿಲ್ಲ, 100ರ ಪಟ್ಟಿ ತರಿಸಿದೆ. ಕಾರ್ಪೆಂಟರ್ ಅದನ್ನು ಗೋಡೆಗೆ ಆನಿಸಿ, ವಾಲಿದ್ದಕ್ಕೆ ಸರಿಯಾಗಿ ಪೆನ್ಸಿಲ್ ಗೆರೆ ಎಳೆದು ಅಲ್ಲೇ ಕೊಯ್ದರು. ಕೂರಿಸಿದ ಮೇಲೆ ಟೇಪ್ ಹಿಡಿದೆ. ಕೆಳಗೆ 80, ಮೇಲೆ 62. ಪಕ್ಕದ ಡ್ರಾಯರ್ ಚೌಕಟ್ಟಿಗೆ ತಾಗದೆ ಪೂರ್ತಿ ಹೊರಗೆ ಬಂತು.