ಸ್ಕ್ರೀನ್‌ಶಾಟ್‌ನ ತಲೆ, ಕಾಲು ಕತ್ತರಿಸಲು ಮೂರು ದಾರಿ: ನಾನು ಮಾಡಿ ನೋಡಿದ್ದು

ಮೊಬೈಲಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಳ್ಳುವುದು ಹೇಗೆಂದು ನಮ್ಮೂರಿನ ಕೆಲವರಿಗೆ ಹೇಳಿಕೊಡಬೇಕಿತ್ತು. ಅದಕ್ಕೆ ಮಾಡಿದ ಪವರ್‌ಪಾಯಿಂಟ್ ಸ್ಲೈಡುಗಳಿಗೆ 18 ಸ್ಕ್ರೀನ್‌ಶಾಟ್ ಬೇಕಾದವು. ತೆಗೆದದ್ದು ರಾತ್ರಿ ಹೊತ್ತು. ಮೇಲಿನ ಪಟ್ಟಿಯಲ್ಲಿ ಒಂದರಲ್ಲಿ 11:52, ಇನ್ನೊಂದರಲ್ಲಿ 12:20, ಬ್ಯಾಟರಿ 9%, ಜೊತೆಗೆ ಬ್ಯಾಂಕಿನ ಆ್ಯಪ್‌ನ ಚಿಹ್ನೆ. ಕೆಳಗೆ ಮೂರು ಬಟನ್. ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಇವನ್ನು ತೆಗೆಯಲು ಮೂರು ದಾರಿ ಪ್ರಯತ್ನಿಸಿದೆ.

ಮೊದಲನೆಯದು ಫೋನಿನಲ್ಲೇ ಕ್ರಾಪ್ ಮಾಡುವುದು. ಸ್ಕ್ರೀನ್‌ಶಾಟ್ ತೆಗೆದ ಕೂಡಲೇ ಎಡಿಟ್ ಒತ್ತಿ, ಅಂಚನ್ನು ಬೆರಳಿನಿಂದ ಎಳೆದರೆ ಮುಗಿಯಿತು. ಒಂದೇ ಚಿತ್ರವಾದರೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಆದರೆ ಹದಿನೆಂಟಕ್ಕೂ ಬೆರಳು ಒಂದೇ ಕಡೆ ನಿಲ್ಲುತ್ತದೆಯೇ? ನನ್ನ ಚಿತ್ರಗಳ ನಡುವೆ 12 ಪಿಕ್ಸೆಲ್‌ವರೆಗೆ ವ್ಯತ್ಯಾಸ ಬಂತು. ಸ್ಲೈಡಿನಲ್ಲಿ 16 ಸೆಂ.ಮೀ. ಎತ್ತರಕ್ಕೆ ಕೂರಿಸಿದಾಗ ಅದು ಒಂದು ಮಿಲಿಮೀಟರೂ ಆಗುವುದಿಲ್ಲ. ಆದರೆ ಒಂದೂವರೆ ಮೀಟರ್ ಎತ್ತರದ ಪರದೆಯ ಮೇಲೆ ಅದೇ ಸುಮಾರು 7 ಮಿ.ಮೀ. ಸ್ಲೈಡ್ ಬದಲಿಸಿದಾಗಲೆಲ್ಲ ಫೋನಿನ ಚಿತ್ರ ಹಾರಿದ ಹಾಗೆ ಕಾಣುತ್ತದೆ. ಹಂತ ಹಂತವಾಗಿ ತೋರಿಸುವಾಗ, ಮೆನುವಿನಲ್ಲಿ ಏನು ಬದಲಾಯಿತೆಂದು ಹುಡುಕುತ್ತಿರುವವರಿಗೆ ಇದೊಂದು ಕಿರಿಕಿರಿ.

ಎರಡನೆಯದು ಪವರ್‌ಪಾಯಿಂಟ್‌ನ ಕ್ರಾಪ್. ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ Format Picture ತೆರೆದರೆ, ಕ್ರಾಪ್ ವಿಭಾಗದಲ್ಲಿ ಅಳತೆಯನ್ನು ಅಂಕಿಯಲ್ಲೇ ಕೊಡಬಹುದು. ಹಾಗಾಗಿ ಹಾರಾಟ ಇಲ್ಲ. ಆದರೆ ಇಲ್ಲಿ ಕತ್ತರಿಸಿದ್ದು ನಿಜವಾಗಿ ಹೋಗಿರುವುದಿಲ್ಲ, ಮರೆಯಾಗಿರುತ್ತದೆ ಅಷ್ಟೆ. ಫೈಲ್ ಕಳಿಸಿದ ಮರುದಿನ ಗೆಳೆಯನೊಬ್ಬ ಫೋನ್ ಮಾಡಿ, "ಏನಯ್ಯಾ, ಹನ್ನೆರಡೂವರೆಗೆಲ್ಲ ಎದ್ದಿದ್ಯಾ?" ಎಂದ. ಚಿತ್ರದ ಮೇಲೆ Crop ಒತ್ತಿದ್ದನಂತೆ, ಅಡಗಿದ್ದ ಪಟ್ಟಿ ಮಸುಕಾಗಿ ಎದ್ದು ಬಂದಿತ್ತು. ಇದು ಬೇಡವಾದರೆ Picture Format ಟ್ಯಾಬ್‌ನಲ್ಲಿ Compress Pictures ತೆರೆದು, Delete cropped areas of pictures ಗುರುತು ಹಾಕಿ, Apply only to this picture ಗುರುತು ತೆಗೆದು, ಸೇವ್ ಮಾಡಬೇಕು. ಎರಡನೇ ಗುರುತನ್ನು ಮರೆತರೆ ಒಂದೇ ಚಿತ್ರಕ್ಕೆ ಅನ್ವಯವಾಗುತ್ತದೆ, ಉಳಿದ ಹದಿನೇಳು ಹಾಗೇ ಇರುತ್ತವೆ.

ಕೊನೆಗೆ ನಾನು ನಿಂತದ್ದು ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡುವ ಕೆಲಸ ಎಂದು ಹೆದರುವವರಿದ್ದಾರೆ, ಆದರೆ ಬೇಕಾದ್ದು ಎರಡೇ ಅಳತೆ. ಒಂದು ಚಿತ್ರವನ್ನು ಪೇಂಟ್‌ನಲ್ಲಿ ತೆರೆದು ಮೇಲಿನ ಪಟ್ಟಿ ಮುಗಿಯುವಲ್ಲಿ ಮೌಸ್ ಇಟ್ಟರೆ, ಕೆಳಗಿನ ಮೂಲೆಯಲ್ಲಿ ಪಿಕ್ಸೆಲ್ ಸಂಖ್ಯೆ ಕಾಣುತ್ತದೆ. ನನ್ನ ಫೋನಿನ ಚಿತ್ರ 1080×2400. ಮೇಲಿನ ಪಟ್ಟಿ 90, ಕೆಳಗಿನದು 126. ಕಳೆದರೆ ಉಳಿಯುವುದು 2184.

```
mkdir out
magick mogrify -path out -crop 1080x2184+0+90 +repage *.png
```

ಕಣ್ಣು ಮಿಟುಕಿಸುವಷ್ಟರಲ್ಲಿ ಹದಿನೆಂಟೂ ಒಂದೇ ಅಳತೆಗೆ ಬಂದವು. `-path out` ಬಿಡಬೇಡಿ, ಬಿಟ್ಟರೆ ಮೂಲ ಚಿತ್ರಗಳ ಮೇಲೆಯೇ ಬರೆದುಬಿಡುತ್ತದೆ. ಬೇರೆ ಫೋನಿನ ಚಿತ್ರ ಅಥವಾ ಅಡ್ಡ ಹಿಡಿದು ತೆಗೆದದ್ದು ಅದೇ ಫೋಲ್ಡರಿನಲ್ಲಿ ಸೇರಿದ್ದರೆ ಅದು ಕೆಡುತ್ತದೆ, ಮೊದಲೇ ಬೇರೆ ಮಾಡಿಡಿ.

ಮೂರೂ ದಾರಿ ಸೋಲುವ ಜಾಗ ಒಂದಿದೆ. ಮೂರು ಬಟನ್ ಬದಲು ಸನ್ನೆಯಿಂದ ನಡೆಯುವ ಫೋನಿನಲ್ಲಿ ಕೆಳಗಿರುವುದು ಸಣ್ಣ ಗೆರೆ ಮಾತ್ರ, ಮತ್ತು ಎಷ್ಟೋ ಆ್ಯಪ್‌ಗಳಲ್ಲಿ ಅದು ಆ್ಯಪ್‌ನ ವಿಷಯದ ಮೇಲೆಯೇ ತೇಲುತ್ತದೆ. ಅದನ್ನು ಕತ್ತರಿಸಿದರೆ ಪಟ್ಟಿಯ ಕೊನೆಯ ಸಾಲಿನ ಅಕ್ಷರಗಳೂ ಅರ್ಧಕ್ಕೆ ತುಂಡಾಗುತ್ತವೆ. ಅದಕ್ಕೇ ಈಗ ಸ್ಕ್ರೀನ್‌ಶಾಟ್ ತೆಗೆಯುವ ಮೊದಲು, ಆ ಜಾಗಕ್ಕೆ ಎರಡು ಸಾಲಿನ ನಡುವಿನ ಖಾಲಿ ಬರುವಂತೆ ಸ್ಕ್ರೋಲ್ ಮಾಡಿಕೊಳ್ಳುತ್ತೇನೆ. ಕೀಬೋರ್ಡ್ ತೆರೆದಿರುವ ಚಿತ್ರದಲ್ಲಂತೂ ಕೆಳಗೆ ಕತ್ತರಿ ಹಾಕುವುದೇ ಇಲ್ಲ. ಕೀಬೋರ್ಡ್ ಬದಲಿಸುವ ಚಿಹ್ನೆ ಆ ಪಟ್ಟಿಯಲ್ಲೇ ಇರುತ್ತದೆ, ನಾನು ತೋರಿಸಬೇಕಿದ್ದದ್ದೂ ಅದನ್ನೇ.

ಇಂಥ ಐದು ಚಿತ್ರಗಳನ್ನು ಬೇರೆ ಫೋಲ್ಡರಿಗೆ ಹಾಕಿ, ಕಮಾಂಡ್‌ನಲ್ಲಿ 2184ರ ಬದಲು 2310 ಕೊಟ್ಟು ಮತ್ತೆ ಓಡಿಸಿದೆ. ಮೇಲಿನ 90 ಮಾತ್ರ ಹೋಯಿತು. ಸ್ಲೈಡಿನಲ್ಲಿ ಇವು ಉಳಿದವಕ್ಕಿಂತ ಉದ್ದ, ಆದ್ದರಿಂದ ಎಲ್ಲಕ್ಕೂ ಅಗಲ ಒಂದೇ ಇಟ್ಟು, ಮೇಲಂಚಿಗೆ ಸಾಲು ಮಾಡಿದೆ. ಮೂರು ನಾಲ್ಕು ಚಿತ್ರದ ಕೆಲಸಕ್ಕೆ ಈಗಲೂ ಪವರ್‌ಪಾಯಿಂಟ್‌ನಲ್ಲೇ ಅಂಕಿ ಹಾಕಿ ಮುಗಿಸುತ್ತೇನೆ. ಫೈಲ್ ಬೇರೆಯವರ ಕೈಗೆ ಹೋಗುವುದಿದ್ದರೆ ಮಾತ್ರ ಮೊದಲೇ ಕತ್ತರಿಸಿದ ಚಿತ್ರ ಹಾಕುತ್ತೇನೆ.