ತಂಗಿ ಅಮೆರಿಕದಿಂದ ಕಳಿಸಿದ ಜಿಪಿಎ ತುಮಕೂರಿನಲ್ಲಿ ನಡೆಯಲಿಲ್ಲ, ನೀವು ಈ ತಪ್ಪು ಮಾಡಬೇಡಿ

ಅಪ್ಪ ತೀರಿಕೊಂಡ ಮೇಲೆ ತುಮಕೂರಿನ ಸೈಟು ನನ್ನ ಮತ್ತು ತಂಗಿಯ ಜಂಟಿ ಹೆಸರಿಗೆ ಬಂತು. ಅವಳು ನ್ಯೂಜೆರ್ಸಿಯಲ್ಲಿದ್ದಾಳೆ. ಸೈಟು ಮಾರಲು ಇಬ್ಬರೂ ಒಪ್ಪಿದೆವು. ಅವಳ ಪರವಾಗಿ ನಾನೇ ರುಜು ಹಾಕಲು ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಜಿಪಿಎ ಬೇಕಿತ್ತು. ಇಲ್ಲಿನ ಪತ್ರ ಬರಹಗಾರರೊಬ್ಬರು "ಅಲ್ಲಿ ನೋಟರಿ ಮಾಡಿಸಿ ಕಳಿಸಿದರೆ ಸಾಕು" ಅಂದರು. ನಾವು ನಂಬಿದೆವು.

ಪತ್ರ ಕೊರಿಯರ್‌ನಲ್ಲಿ ಬಂತು. ಕೊಳ್ಳುವವರು ಸಿಗುವ ತನಕ ಐದು ತಿಂಗಳು ಬೀರುವಿನಲ್ಲೇ ಇಟ್ಟಿದ್ದೆ. ಕೊನೆಗೆ ಮುಂಗಡ ತೆಗೆದುಕೊಂಡು, ರಿಜಿಸ್ಟ್ರೇಷನ್ ದಿನ ಎಲ್ಲರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಪತ್ರ ನೋಡಿ ವಾಪಸ್ ಕೊಟ್ಟರು.

ಮೊದಲ ತೊಂದರೆ ನೋಟರಿಯದು. ಅಮೆರಿಕದ ನೋಟರಿಯ ಮೊಹರು ನಿಜವೋ ಸುಳ್ಳೋ ಅಂತ ಇಲ್ಲಿ ಕುಳಿತವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಅದಕ್ಕೇ ನೋಟರಿಯ ಮೇಲೆ ಆ ರಾಜ್ಯ ಸರ್ಕಾರದಿಂದ ಅಪಾಸ್ಟಿಲ್ ಎಂಬ ದೃಢೀಕರಣ ಹಾಕಿಸಬೇಕು. ಇಲ್ಲದಿದ್ದರೆ ಭಾರತದ ಕಾನ್ಸುಲೇಟ್ ಅಧಿಕಾರಿಯ ಮುಂದೆಯೇ ರುಜು ಹಾಕಿ ದೃಢೀಕರಿಸಿಕೊಳ್ಳಬೇಕು. ನಮ್ಮ ಪತ್ರದಲ್ಲಿ ಎರಡೂ ಇರಲಿಲ್ಲ.

ಎರಡನೆಯದು ನನ್ನದೇ ತಪ್ಪು, ಇದನ್ನೇ ಜಾಸ್ತಿ ಜನ ಮಾಡುತ್ತಾರೆ. ಹೊರದೇಶದಲ್ಲಿ ರುಜು ಆದ ಪತ್ರಕ್ಕೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಅದು ಕರ್ನಾಟಕಕ್ಕೆ ಬಂದು ತಲುಪಿದ ದಿನದಿಂದ 3 ತಿಂಗಳೊಳಗೆ ಆಗಬೇಕು, ಲೆಕ್ಕ ರುಜು ಹಾಕಿದ ದಿನದಿಂದ ಅಲ್ಲ. ನಾನು ಕೊರಿಯರ್ ಕವರ್ ಎಸೆದುಬಿಟ್ಟಿದ್ದೆ, ಹಾಗಾಗಿ ಯಾವತ್ತು ಬಂತು ಅನ್ನುವುದಕ್ಕೂ ದಾಖಲೆ ಇರಲಿಲ್ಲ. ಅವಧಿ ಮೀರಿದ ಮೇಲೆ ಬಾಕಿ ಶುಲ್ಕದ ಜೊತೆ ದಂಡವೂ ಬೀಳುತ್ತದೆ, ಕಾನೂನಿನಲ್ಲಿ ಅದು 10 ಪಟ್ಟಿನವರೆಗೂ ಇದೆ.

ಮೂರನೆಯದು ಒಳಗಿನ ಬರಹ. "ನನ್ನ ಆಸ್ತಿಯ ಎಲ್ಲ ವ್ಯವಹಾರ ನೋಡಿಕೊಳ್ಳಲು" ಅಂತಷ್ಟೇ ಇತ್ತು. ಮಾರುವ, ಹಣ ಪಡೆಯುವ, ಸಬ್ ರಿಜಿಸ್ಟ್ರಾರ್ ಮುಂದೆ ಹಾಜರಾಗಿ ಕ್ರಯಪತ್ರಕ್ಕೆ ರುಜು ಹಾಕುವ ಅಧಿಕಾರವನ್ನು ಬಿಡಿಸಿ ಬರೆದಿರಲಿಲ್ಲ. ಸೈಟಿನ ನಂಬರು, ಅಳತೆ, ಚಕ್ಕುಬಂದಿ ಕೂಡ ಇರಲಿಲ್ಲ.

ಕೊಳ್ಳುವವರು ಮುಂಗಡ ವಾಪಸ್ ಕೇಳಿದರು, ಕೊಟ್ಟೆ. ಅವರನ್ನು ದೂರಲಾರೆ, ಅವರ ದುಡ್ಡೂ ಕಷ್ಟದ್ದೇ.

ಎರಡನೇ ಸಲ ಕರಡನ್ನು ಮೊದಲೇ ಇಲ್ಲಿನ ವಕೀಲರಿಗೆ ತೋರಿಸಿ, ಸೈಟಿನ ವಿವರ ಪೂರ್ತಿ ಸೇರಿಸಿ ತಂಗಿಗೆ ಕಳಿಸಿದೆ. ಅವಳು ರಜೆ ಹಾಕಿ ನ್ಯೂಯಾರ್ಕ್‌ನ ಭಾರತೀಯ ಕಾನ್ಸುಲೇಟ್‌ನಿಂದ ದೃಢೀಕರಣ ಮಾಡಿಸಿಕೊಂಡಳು. ಪ್ರತಿ ಪುಟಕ್ಕೂ ರುಜು ಹಾಕಿ, ಇಬ್ಬರ ಫೋಟೊ ಅಂಟಿಸಿ ಕಳಿಸಿದಳು. ಕವರ್ ಬಂದ ವಾರದಲ್ಲೇ ಅದನ್ನೂ ಪತ್ರವನ್ನೂ ಹಿಡಿದು ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಿ, ಶುಲ್ಕ ಎಷ್ಟೆಂದು ನಿಗದಿ ಮಾಡಿಸಿ ಕಟ್ಟಿದೆ. ಶುಲ್ಕ ಕಟ್ಟಿದ್ದಕ್ಕೆ ಪತ್ರದ ಮೇಲೆಯೇ ಷರಾ ಬರೆದು ಮೊಹರು ಹಾಕಿಕೊಟ್ಟರು. ಈಗ ಹೊಸದಾಗಿ ಕೊಳ್ಳುವವರನ್ನು ಹುಡುಕುತ್ತಿದ್ದೇವೆ.